ನಕ್ಷತ್ರಗಳ ಹಿಂದಿನ ಲೆಕ್ಕ

‘ಫುಟ್‌ಬಾಲ್ ಮ್ಯಾನೇಜರ್’ ಆಟದಲ್ಲಿ ಪ್ರತಿ ಆಟಗಾರನಿಗೂ 200ರ ಮಾಪನದಲ್ಲಿ ಎರಡು ಗುಪ್ತ ಅಂಕಗಳಿವೆ: ಈಗಿನ ಸಾಮರ್ಥ್ಯ, ಮುಟ್ಟಬಹುದಾದ ಮಿತಿ. ಪರದೆಯಲ್ಲಿ ಕಾಣುವುದು ಪಾಸಿಂಗ್, ವೇಗ ಮುಂತಾದವಕ್ಕೆ 20ರೊಳಗೆ ಕೊಟ್ಟ ಅಂಕ. ಸ್ಥಾನ ಬದಲಾದರೆ ಇವುಗಳ ತೂಕವೂ ಬದಲಾಗುತ್ತದೆ. ಗೋಲು ಹೊಡೆಯುವ ಕೌಶಲ ಸ್ಟ್ರೈಕರ್‌ನ ಲೆಕ್ಕದಲ್ಲಿ ಭಾರ, ಡಿಫೆಂಡರ್‌ನದರಲ್ಲಿ ಹಗುರ.

ತಂಡ ಕಟ್ಟುವವರು ಹೆಚ್ಚಾಗಿ ಎಡವುವುದು ನಕ್ಷತ್ರಗಳನ್ನು ನಂಬಿ. ಕೋಚ್‌ಗಳು ಕೊಡುವ ನಕ್ಷತ್ರ ತಂಡದ ಉಳಿದವರ ಜೊತೆಗಿನ ಹೋಲಿಕೆಯಷ್ಟೇ; ಅದರಲ್ಲೂ ಕೋಚ್‌ನ ಅಂದಾಜು ತಪ್ಪಬಹುದು. ಕೆಳ ಡಿವಿಷನ್‌ನಲ್ಲಿ 110 ಅಂಕದ ಹುಡುಗನಿಗೆ ನಾಲ್ಕು ನಕ್ಷತ್ರ ಸಿಕ್ಕಿದೆ ಎನ್ನೋಣ. ಕ್ಲಬ್ ಬಡ್ತಿ ಪಡೆದು ಒಳ್ಳೆಯವರನ್ನು ಕೊಂಡರೆ, ಆಟ ಕೆಡದಿದ್ದರೂ ಅವನು ಎರಡಕ್ಕಿಳಿಯಬಹುದು.

ಮಿತಿ 150 ಇದ್ದ ಮಾತ್ರಕ್ಕೆ ಯಾರೂ ತಾನಾಗಿ ಅಲ್ಲಿಗೆ ತಲುಪುವುದಿಲ್ಲ. ತರಬೇತಿ, ಸ್ವಭಾವ, ಗಾಯಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಬೆಂಚಿನಲ್ಲೇ ಕೂತವನಿಗಿಂತ, ಬೇರೆ ಕ್ಲಬ್‌ಗೆ ಎರವಲು ಹೋಗಿ ವಾರವಾರ ಆಡಿದವನೇ ಸಾಮಾನ್ಯವಾಗಿ ಬೇಗ ಬೆಳೆಯುತ್ತಾನೆ.