ಭೂಸಂಪರ್ಕ ಮತ್ತು ಸಿಡಿಲು ರಕ್ಷಣೆಯ ಪರೀಕ್ಷಾ ವರದಿ

ಭೂಸಂಪರ್ಕ ಮತ್ತು ಸಿಡಿಲು ರಕ್ಷಣೆಯ ಪರೀಕ್ಷಾ ವರದಿ ಎಂಬುದು ಒಂದು ಕಟ್ಟಡದ ಅರ್ತಿಂಗ್ ಗುಂಡಿಗಳು, ಸಿಡಿಲುವಾಹಕಗಳು ಹಾಗೂ ಅವುಗಳ ನಡುವಿನ ಜೋಡಣೆಗಳನ್ನು ಅಳೆದು ಪರಿಶೀಲಿಸಿ ಬರೆಯುವ ತಾಂತ್ರಿಕ ದಾಖಲೆ. ಪ್ರತಿ ಗುಂಡಿಯ ರೋಧವೆಷ್ಟು, ಅದನ್ನು ಯಾವ ಸ್ಥಿತಿಯಲ್ಲಿ ಅಳೆಯಲಾಯಿತು, ಎಲ್ಲಿ ದೋಷವಿದೆ, ಅದನ್ನು ಹೇಗೆ ಸರಿಪಡಿಸಲಾಯಿತು ಎಂಬ ವಿವರಗಳು ಇದರಲ್ಲಿರುತ್ತವೆ. ಭಾರತದಲ್ಲಿ ಭೂಸಂಪರ್ಕಕ್ಕೆ ಐಎಸ್ 3043 ಎಂಬ ಮಾನಕವನ್ನು ಅನುಸರಿಸಲಾಗುತ್ತದೆ. ಸಿಡಿಲು ರಕ್ಷಣೆಗೆ ಮೊದಲು ಐಎಸ್ 2309 ಎಂಬ ಮಾನಕವಿತ್ತು. ಈಗ ಐಎಸ್/ಐಇಸಿ 62305 ಸರಣಿ ಬಳಕೆಯಲ್ಲಿದೆ. ರೋಧವನ್ನು ಓಮ್ ಎಂಬ ಮಾನದಲ್ಲಿ ಹೇಳುತ್ತಾರೆ. ಆದರೆ ಅಳತೆ ನಡೆದ ರೀತಿ ತಿಳಿಯದೆ ಈ ಸಂಖ್ಯೆಯೊಂದರಿಂದಲೇ ಕಟ್ಟಡ ಸುರಕ್ಷಿತವೆಂದು ನಿರ್ಧರಿಸಲಾಗದು.

## ವ್ಯವಸ್ಥೆಯ ಭಾಗಗಳು

ಕಾರ್ಖಾನೆಯ ಕಟ್ಟಡದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಭೂಸಂಪರ್ಕಗಳಿರುತ್ತವೆ. ಮೊದಲನೆಯದು ಟ್ರಾನ್ಸ್‌ಫಾರ್ಮರ್, ಫಲಕಗಳು ಮತ್ತು ಯಂತ್ರಗಳ ಲೋಹದ ಮೈಯನ್ನು ನೆಲಕ್ಕೆ ಸೇರಿಸುವ ವಿದ್ಯುತ್ ಭೂಸಂಪರ್ಕ. ಎರಡನೆಯದು ಸಿಡಿಲಿನ ಪ್ರವಾಹವನ್ನು ಚಾವಣಿಯಿಂದ ನೆಲಕ್ಕೆ ಇಳಿಸುವ ವ್ಯವಸ್ಥೆ. ಇದರಲ್ಲಿ ಚಾವಣಿಯ ಅಂಚಿನಲ್ಲಿ ಹಾಯುವ ಲೋಹದ ಪಟ್ಟಿ, ಗೋಡೆಯ ಮೇಲೆ ಇಳಿದು ಬರುವ ಇಳಿವಾಹಕಗಳು ಮತ್ತು ಅವುಗಳ ಬುಡದಲ್ಲಿ ನೆಲದೊಳಗೆ ಹೂತ ಕೊಳವೆ ಅಥವಾ ಸರಳುಗಳು ಸೇರುತ್ತವೆ. ಪ್ರತಿ ಇಳಿವಾಹಕದಲ್ಲಿ ಕೈಗೆ ಎಟಕುವ ಎತ್ತರದಲ್ಲಿ ಬೋಲ್ಟಿನಿಂದ ಬಿಗಿದ ಒಂದು ಕೀಲು ಇರುತ್ತದೆ. ಅದಕ್ಕೆ ಟೆಸ್ಟ್ ಲಿಂಕ್ ಎಂದು ಹೆಸರು. ಅದನ್ನು ಬಿಚ್ಚಿದಾಗ ಮಾತ್ರ ಆ ಒಂದು ಗುಂಡಿ ಉಳಿದವುಗಳಿಂದ ಬೇರ್ಪಡುತ್ತದೆ.

## ಅಳತೆಯ ವಿಧಾನ

ಬಹುತೇಕ ವರದಿಗಳಲ್ಲಿ ವಿಭವ ಇಳಿಕೆಯ ವಿಧಾನವನ್ನು ಬಳಸಿರುತ್ತಾರೆ. ಅರ್ತ್ ಟೆಸ್ಟರ್ ಎಂಬ ಉಪಕರಣದ ಒಂದು ತಂತಿಯನ್ನು ಗುಂಡಿಯ ಕೊಳವೆಗೆ ಸೇರಿಸಿ, ದೂರದಲ್ಲಿ ನೆಲಕ್ಕೆ ಬಡಿದ ಒಂದು ಮೊಳೆಯ ಮೂಲಕ ಪ್ರವಾಹವನ್ನು ಹರಿಸಲಾಗುತ್ತದೆ. ಇವೆರಡರ ನಡುವೆ ಬಡಿದ ಇನ್ನೊಂದು ಮೊಳೆಯಿಂದ ವೋಲ್ಟೇಜನ್ನು ಅಳೆಯಲಾಗುತ್ತದೆ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ.

ಮೊಳೆಗಳ ಸ್ಥಾನ ಇಲ್ಲಿ ನಿರ್ಣಾಯಕ. 3 ಮೀಟರ್ ಉದ್ದದ ಒಂಟಿ ಕೊಳವೆಯಾದರೆ ಪ್ರವಾಹದ ಮೊಳೆಯನ್ನು ಸುಮಾರು 40 ಮೀಟರ್ ದೂರದಲ್ಲಿ ಬಡಿಯಬಹುದು. ಏಕರೂಪದ ಮಣ್ಣಿನಲ್ಲಿ ನಡುವಿನ ಮೊಳೆ ಆ ದೂರದ ಶೇ. 62ರಷ್ಟು, ಅಂದರೆ ಸುಮಾರು 25 ಮೀಟರಿನಲ್ಲಿರಬೇಕು. ಅನಂತರ ಅದನ್ನು 21 ಮತ್ತು 29 ಮೀಟರಿಗೆ ಸರಿಸಿ ಮತ್ತೆ ಅಳೆಯಬೇಕು. ಮೂರು ಅಂಕಿಗಳೂ ಹತ್ತಿರ ಹತ್ತಿರ ಬಂದರೆ ಅಳತೆ ನಂಬಲರ್ಹ. ಒಂದೊಂದು ಬಾರಿಯೂ ಅಂಕಿ ಏರುತ್ತಲೇ ಹೋದರೆ ಪ್ರವಾಹದ ಮೊಳೆ ಗುಂಡಿಗೆ ತೀರ ಹತ್ತಿರವಿದೆ ಎಂದು ತಿಳಿದು, ಅದನ್ನು ಇನ್ನೂ ದೂರಕ್ಕೆ ಒಯ್ಯಬೇಕು. ಹಲವು ಗುಂಡಿಗಳು ಸೇರಿದ ದೊಡ್ಡ ವ್ಯವಸ್ಥೆಯನ್ನು ಒಟ್ಟಾಗಿ ಅಳೆಯುವಾಗ 40 ಮೀಟರ್ ಸಾಲದು.

ಟೆಸ್ಟ್ ಲಿಂಕ್ ಬಿಚ್ಚುವ ಕೆಲಸವನ್ನು ಗುಡುಗಿನ ಸೂಚನೆಯಿರುವಾಗ ಮಾಡಬಾರದು. ಚಾಲನೆಯಲ್ಲಿರುವ ವಿದ್ಯುತ್ ವ್ಯವಸ್ಥೆಯ ಭೂಸಂಪರ್ಕವನ್ನು, ಪೂರೈಕೆ ನಿಲ್ಲಿಸದೆ, ಎಂದಿಗೂ ಬಿಚ್ಚಕೂಡದು.

## ಋತುವಿನ ಪ್ರಭಾವ

ಮಣ್ಣಿನಲ್ಲಿ ತೇವವಿದ್ದಷ್ಟೂ ರೋಧ ಕಡಿಮೆ. ಆದುದರಿಂದ ಒಂದೇ ಗುಂಡಿ ಮಳೆಗಾಲ ಮುಗಿದಾಗ ಉತ್ತಮವಾಗಿಯೂ ಬೇಸಗೆಯಲ್ಲಿ ಕಳಪೆಯಾಗಿಯೂ ಕಾಣಬಹುದು. ಕರ್ನಾಟಕದ ಒಳನಾಡಿನಲ್ಲಿ ಮುಂಗಾರಿಗೆ ಮುನ್ನ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗುಡುಗು ಸಿಡಿಲುಗಳು ಹೆಚ್ಚು. ಮಣ್ಣು ಅತ್ಯಂತ ಒಣಗಿರುವ ಹೊತ್ತಿಗೇ ಸಿಡಿಲೂ ಬರುತ್ತದೆಂಬುದು ಇದರ ಅರ್ಥ. ಅಕ್ಟೋಬರಿನಲ್ಲಿ ಅಳೆದ ಅಂಕಿ ಆ ಹೊತ್ತಿನ ಸ್ಥಿತಿಯನ್ನು ತಿಳಿಸುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಪೂರೈಕೆದಾರರ ಭೂಸಂಪರ್ಕವನ್ನು ಎರಡು ವರ್ಷಕ್ಕೊಮ್ಮೆಯಾದರೂ ಒಣ ಋತುವಿನ ಒಣ ದಿನದಂದು ಪರೀಕ್ಷಿಸಬೇಕೆಂದು ವಿಧಿಸಿದ್ದುದು ಈ ಕಾರಣಕ್ಕಾಗಿಯೇ. ಪರೀಕ್ಷೆಯ ಹಿಂದಿನ ದಿನ ಗುಂಡಿಗೆ ಕೊಡಗಟ್ಟಲೆ ನೀರು ಸುರಿದರೆ ಅಂಕಿ ತಗ್ಗುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. ಹೀಗಾಗಿ ದಿನಾಂಕ, ಹವೆ ಮತ್ತು ಮಣ್ಣಿನ ಸ್ಥಿತಿಯನ್ನು ನಮೂದಿಸದ ವರದಿ ಅಪೂರ್ಣ.

## ಒಂದು ಮಾದರಿ ವರದಿ

ವಿವರಣೆಗಾಗಿ ಒಂದು ಕಾಲ್ಪನಿಕ ಕಾರ್ಖಾನೆಯನ್ನು ತೆಗೆದುಕೊಳ್ಳಬಹುದು. ಕೆಂಪು ಮಣ್ಣಿನ ನೆಲದಲ್ಲಿ 60 ಮೀಟರ್ ಉದ್ದ, 30 ಮೀಟರ್ ಅಗಲದ ಕಾಂಕ್ರೀಟ್ ಕಟ್ಟಡವೊಂದಿದೆ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಇಳಿವಾಹಕಗಳೂ ನಾಲ್ಕು ಗುಂಡಿಗಳೂ ಇವೆ. ಹಿಂದಿನ ವರ್ಷ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯನ್ನು ಈ ವರ್ಷ ಏಪ್ರಿಲಿನಲ್ಲಿ, ಪ್ರತಿ ಟೆಸ್ಟ್ ಲಿಂಕನ್ನೂ ಬಿಚ್ಚಿ, ಮತ್ತೆ ನಡೆಸಲಾಗಿದೆ.

| ಗುಂಡಿ | ಹಿಂದಿನ ಅಕ್ಟೋಬರ್ (ಓಮ್) | ಈ ಏಪ್ರಿಲ್ (ಓಮ್) | ದುರಸ್ತಿಯ ನಂತರ (ಓಮ್) |
|---|---|---|---|
| 1 | 4.7 | 18.4 | – |
| 2 | 4.6 | 21.0 | – |
| 3 | 4.7 | 19.6 | – |
| 4 | 4.7 | 96.0 | 24.3 |

ಮೊದಲ ನೋಟಕ್ಕೆ ಹಿಂದಿನ ವರ್ಷದ ವರದಿಯೇ ಉತ್ತಮವೆಂದು ತೋರುತ್ತದೆ. ಆದರೆ ಬೇರೆ ಬೇರೆ ಮೂಲೆಗಳ ನಾಲ್ಕು ಗುಂಡಿಗಳ ರೋಧ ಹೀಗೆ ಒಂದೇ ಸಮನಾಗಿರುವುದು ಬಲು ಅಪರೂಪ. ಟೆಸ್ಟ್ ಲಿಂಕ್ ಬಿಚ್ಚದೆ ಅಳೆದಾಗ ಉಪಕರಣಕ್ಕೆ ಕಾಣುವುದು ಚಾವಣಿಯ ಪಟ್ಟಿಯ ಮೂಲಕ ಒಂದಕ್ಕೊಂದು ಸೇರಿದ ಇಡೀ ವ್ಯವಸ್ಥೆ. ಯಾವ ಗುಂಡಿಗೆ ತಂತಿ ಸೇರಿಸಿದರೂ ಅದೇ ಒಟ್ಟು ಅಂಕಿ ಬರುತ್ತದೆ. ಹೀಗಾಗಿ ನಾಲ್ಕನೆಯ ಗುಂಡಿ ಆಗಲೇ ಕೆಟ್ಟಿದ್ದಿತೇ ಎಂಬುದನ್ನು ಹಳೆಯ ವರದಿಯಿಂದ ತಿಳಿಯಲು ಸಾಧ್ಯವೇ ಇಲ್ಲ.

ಒಟ್ಟು ರೋಧವನ್ನು ಸಮಾಂತರ ಜೋಡಣೆಯ ಸೂತ್ರದಿಂದ ಪಡೆಯಬಹುದು:

1/R = 1/18.4 + 1/21.0 + 1/19.6 + 1/96.0

ಇದರಿಂದ R ಸುಮಾರು 6.1 ಓಮ್ ಆಗುತ್ತದೆ. ಗುಂಡಿಗಳು ಒಂದರಿಂದೊಂದು ಸಾಕಷ್ಟು ದೂರವಿದ್ದಾಗ ಮಾತ್ರ ಈ ಲೆಕ್ಕ ಸರಿಹೊಂದುತ್ತದೆ. ಇಲ್ಲಿ ಕನಿಷ್ಠ ಅಂತರ 30 ಮೀಟರ್ ಇರುವುದರಿಂದ ತೊಡಕಿಲ್ಲ.

ಐಎಸ್ 2309ರ ಪ್ರಕಾರ ಸಿಡಿಲು ರಕ್ಷಣೆಯ ಒಟ್ಟು ರೋಧ 10 ಓಮ್ ಮೀರಬಾರದು. 6.1 ಓಮ್ ಈ ಮಿತಿಯೊಳಗೇ ಇದೆ. ಆದರೆ ಅದೇ ಮಾನಕ ಒಂದೊಂದು ಗುಂಡಿಗೂ ಒಂದು ಮಿತಿ ಹಾಕುತ್ತದೆ: ಗುಂಡಿಗಳ ಸಂಖ್ಯೆಯನ್ನು 10 ಓಮಿನಿಂದ ಗುಣಿಸಿದಾಗ ಬರುವ ಮೊತ್ತವನ್ನು ಯಾವ ಗುಂಡಿಯೂ ದಾಟಬಾರದು. ನಾಲ್ಕು ಗುಂಡಿಗಳಿಗೆ ಅದು 40 ಓಮ್. ಹೀಗೆ ಒಟ್ಟು ಲೆಕ್ಕದಲ್ಲಿ ತೇರ್ಗಡೆಯಾದ ಕಟ್ಟಡದಲ್ಲಿ ನಾಲ್ಕನೆಯ ಗುಂಡಿ ಅನುತ್ತೀರ್ಣವಾಗುತ್ತದೆ. ಆ ಮೂಲೆಗೆ ಸಿಡಿಲು ಎರಗಿದರೆ ಪ್ರವಾಹಕ್ಕೆ ಹತ್ತಿರದ ದಾರಿ ಸುಗಮವಾಗಿರುವುದಿಲ್ಲ. ಅದು ಗೋಡೆಯ ಪಕ್ಕದಲ್ಲಿರುವ ವಿದ್ಯುತ್ ತಂತಿಯ ಕೊಳವೆಗೋ ನೀರಿನ ಪೈಪಿಗೋ ಜಿಗಿಯಬಹುದು.

## ಕಾರಣದ ಪತ್ತೆ ಮತ್ತು ದುರಸ್ತಿ

ರೋಧ ಹೆಚ್ಚಾಗಲು ಮಣ್ಣೂ ಕಾರಣವಾಗಬಹುದು, ಜೋಡಣೆಯೂ ಕಾರಣವಾಗಬಹುದು. ಎರಡನ್ನೂ ಬೇರ್ಪಡಿಸದೆ ದುರಸ್ತಿಗೆ ಕೈಹಾಕಿದರೆ ಖರ್ಚು ವ್ಯರ್ಥವಾಗುತ್ತದೆ. ಮಾದರಿ ಪ್ರಕರಣದಲ್ಲಿ 96 ಓಮ್ ಬಂದದ್ದು ಟೆಸ್ಟ್ ಲಿಂಕಿನ ಕೆಳತುದಿಯಿಂದ ಅಳೆದಾಗ. ಗುಂಡಿಯ ಮುಚ್ಚಳ ತೆಗೆದು ಕೊಳವೆಯ ತಲೆಯಿಂದಲೇ ಅಳೆದಾಗ ಸುಮಾರು 24 ಓಮ್ ಬಂತು. ಉಳಿದ 72 ಓಮ್ ಇವೆರಡರ ನಡುವಿನ ಪಟ್ಟಿಯಲ್ಲಿಯೋ ಕೀಲಿನಲ್ಲಿಯೋ ಇರಲೇಬೇಕು. ಮಣ್ಣು ಇಲ್ಲಿ ನಿರ್ದೋಷಿ.

ಅಗೆದು ನೋಡಿದಾಗ ಜಿ.ಐ. ಕೊಳವೆಗೆ ತಾಮ್ರದ ಪಟ್ಟಿಯನ್ನು ನೇರವಾಗಿ ಬೋಲ್ಟಿನಿಂದ ಬಿಗಿದಿರುವುದು ಕಂಡಿತು. ಒದ್ದೆ ಮಣ್ಣಿನಲ್ಲಿ ಈ ಎರಡು ಲೋಹಗಳು ಸೇರಿದರೆ ಒಂದು ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು, ಮೊದಲು ಸತುವಿನ ಲೇಪ, ಅನಂತರ ಕಬ್ಬಿಣ ಸವೆಯುತ್ತದೆ. ಮೇಲ್ನೋಟಕ್ಕೆ ಬೋಲ್ಟು ಬಿಗಿಯಾಗಿದ್ದರೂ ಸಂಪರ್ಕದ ಮುಖಗಳ ನಡುವೆ ತುಕ್ಕು ತುಂಬಿಕೊಂಡಿರುತ್ತದೆ.

ಸರಿಪಡಿಸುವ ಕ್ರಮವಾಗಿ ಸವೆದ ಭಾಗವನ್ನು ಕತ್ತರಿಸಿ ತೆಗೆದು, ಕೊಳವೆಯಿಂದ ಟೆಸ್ಟ್ ಲಿಂಕಿನವರೆಗೆ ಹೊಸ ಜಿ.ಐ. ಪಟ್ಟಿ ಹಾಕಿ, ಬೆಸುಗೆ ಮಾಡಿ, ಕೀಲಿನ ಮೇಲೆ ತೇವ ತಾಗದಂತೆ ಡಾಂಬರಿನ ಲೇಪ ಕೊಡಲಾಯಿತು. ತಾಮ್ರ ಮತ್ತು ಜಿ.ಐ. ಸೇರಲೇಬೇಕಾದ ಜಾಗವನ್ನು ನೆಲದ ಮೇಲೆ ಒಣ ಸ್ಥಳಕ್ಕೆ ತಂದು, ನಡುವೆ ದ್ವಿಲೋಹದ ತಗಡನ್ನು ಇರಿಸಲಾಯಿತು. ಮರುಪರೀಕ್ಷೆಯಲ್ಲಿ 24.3 ಓಮ್ ಬಂದು, ಒಟ್ಟು ರೋಧ ಸುಮಾರು 5.2 ಓಮಿಗೆ ಇಳಿಯಿತು. 96 ಓಮ್ ಎಂಬ ಅಂಕಿಯನ್ನು ಕಂಡೊಡನೆ ಗುಂಡಿಗೆ ಉಪ್ಪು ಮತ್ತು ಇದ್ದಿಲು ತುಂಬಿದ್ದರೆ ಕೀಲಿನ ದೋಷ ಹಾಗೆಯೇ ಉಳಿಯುತ್ತಿತ್ತು. ಉಪ್ಪು ಲೋಹದ ಸವೆತವನ್ನು ಇನ್ನಷ್ಟು ಚುರುಕುಗೊಳಿಸುತ್ತಿತ್ತು.

## ಎರಡು ಭೂಸಂಪರ್ಕಗಳ ಜೋಡಣೆ

ಇದೇ ಪರೀಕ್ಷೆಯಲ್ಲಿ ಇನ್ನೊಂದು ದೋಷವೂ ಹೊರಬಿತ್ತು. ಸಿಡಿಲಿನ ಗುಂಡಿಗಳಿಗೂ ವಿದ್ಯುತ್ ಫಲಕದ ಮುಖ್ಯ ಭೂಪಟ್ಟಿಗೂ ಯಾವ ಜೋಡಣೆಯೂ ಇರಲಿಲ್ಲ. ಸಿಡಿಲಿನ ಪ್ರವಾಹ ವಿದ್ಯುತ್ ಯಂತ್ರಗಳಿಗೆ ಹರಿಯಬಾರದೆಂದು ಎರಡನ್ನೂ ದೂರ ಇಡುವ ಅಭ್ಯಾಸ ಹಿಂದೆ ಇತ್ತು. ಅದರ ಅಪಾಯವನ್ನು ಒಂದು ಸರಳ ಗುಣಾಕಾರ ತೋರಿಸುತ್ತದೆ. 30,000 ಆಂಪಿಯರ್ ಸಿಡಿಲಿನ ಪ್ರವಾಹವೆಂದರೆ ಅಸಾಮಾನ್ಯವೇನಲ್ಲ. ಅದು 5.2 ಓಮ್ ರೋಧದ ಮೂಲಕ ನೆಲ ಸೇರುವಾಗ

V = 30,000 × 5.2 = 1,56,000

ಅಂದರೆ ಒಂದೂವರೆ ಲಕ್ಷ ವೋಲ್ಟಿಗಿಂತ ಹೆಚ್ಚು. ದುರಸ್ತಿಯ ನಂತರವೂ ಇಷ್ಟು ವೋಲ್ಟೇಜ್ ಉಳಿಯುತ್ತದೆ. ಇಳಿವಾಹಕ ಆ ಮಟ್ಟಕ್ಕೆ ಏರಿದ ಕ್ಷಣದಲ್ಲಿ ಪಕ್ಕದ ಯಂತ್ರದ ಮೈ ದೂರದ ಬೇರೊಂದು ಗುಂಡಿಯ ಮಟ್ಟದಲ್ಲೇ ನಿಂತಿದ್ದರೆ, ನಡುವಿನ ಗಾಳಿಯನ್ನು ಸೀಳಿ ಕಿಡಿ ಹಾರುತ್ತದೆ. ಎರಡನ್ನೂ ದಪ್ಪ ಪಟ್ಟಿಯಿಂದ ಜೋಡಿಸಿದರೆ ಕಟ್ಟಡದ ಲೋಹವೆಲ್ಲ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದೆ. ಒಳಗಿನ ವ್ಯತ್ಯಾಸ ಬಹುಮಟ್ಟಿಗೆ ಕುಗ್ಗುತ್ತದೆ. ಐಇಸಿ 62305 ಈ ಜೋಡಣೆಯನ್ನೂ, ನೇರವಾಗಿ ಜೋಡಿಸಲಾಗದ ಜೀವಂತ ತಂತಿಗಳಿಗೆ ಸರ್ಜ್ ರಕ್ಷಕಗಳನ್ನೂ ಬಯಸುವುದು ಇದೇ ತರ್ಕದಿಂದ. ಮಾದರಿ ವರದಿಯಲ್ಲಿ ಇವೆರಡೂ ಸರಿಪಡಿಸುವ ಕ್ರಮಗಳಾಗಿ ಸೇರಿವೆ.

## ಮಿತಿಗಳು

ಅರ್ತ್ ಟೆಸ್ಟರ್ ಅಳೆಯುವುದು ಕಡಿಮೆ ಆವೃತ್ತಿಯ, ಅತ್ಯಲ್ಪ ಪ್ರವಾಹದ ರೋಧವನ್ನು. ಸಿಡಿಲಿನ ಪ್ರವಾಹವಾದರೋ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ತುತ್ತತುದಿಗೆ ಏರುತ್ತದೆ. ಆಗ ಇಳಿವಾಹಕದ ಉದ್ದ ಮತ್ತು ಬಾಗುಗಳಿಂದ ಉಂಟಾಗುವ ಪ್ರೇರಕತ್ವ ರೋಧದಷ್ಟೇ ಮುಖ್ಯವಾಗುತ್ತದೆ. ಟೆಸ್ಟರ್ ಇದನ್ನು ತೋರಿಸಲಾರದು. ಐಇಸಿ 62305 ಸಾಧ್ಯವಾದರೆ 10 ಓಮಿಗಿಂತ ಕಡಿಮೆ ರೋಧವನ್ನು ಶಿಫಾರಸು ಮಾಡಿದರೂ, ಭೂಸಂಪರ್ಕದ ಆಕಾರ ಮತ್ತು ಅಳತೆಗಳಿಗೆ ಹೆಚ್ಚಿನ ಪ್ರಾಧಾನ್ಯ ಕೊಡುತ್ತದೆ.

ಆದುದರಿಂದ ಇಂತಹ ವರದಿಯನ್ನು ಓದುವಾಗ ಅಂಕಿಗಿಂತ ಮೊದಲು ಗಮನಿಸಬೇಕಾದ ವಿವರಗಳು ನಾಲ್ಕು: ಪರೀಕ್ಷೆಯ ದಿನಾಂಕ ಮತ್ತು ಹವೆ, ಮೊಳೆಗಳ ದೂರ, ಟೆಸ್ಟ್ ಲಿಂಕ್ ಬಿಚ್ಚಲಾಗಿತ್ತೇ ಎಂಬ ನಮೂದು, ಹಾಗೂ ದುರಸ್ತಿಯ ನಂತರದ ಮರು ಅಳತೆ.