ಲಿಂಕ್ ಕೊನೆಗೆ ಯಾಕೆ ಬರುತ್ತದೆ?

ಎಕ್ಸ್, ಅಂದರೆ ಹಳೇ ಟ್ವಿಟರ್ ನೋಡುವವರಿಗೆ ಥ್ರೆಡ್ ಗೊತ್ತು. ಒಂದು ಪೋಸ್ಟಿನ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. 2017ರ ನವೆಂಬರಿನಲ್ಲಿ ಅಕ್ಷರಮಿತಿ 140ರಿಂದ 280ಕ್ಕೇರಿತು. ಮುಂದಿನ ತಿಂಗಳೇ ಥ್ರೆಡ್ ಕಟ್ಟುವ ಪ್ಲಸ್ ಬಟನ್ ಬಂತು. ಉದ್ದ ಬರೆಯಲು ಜಾಗ ಸಿಕ್ಕಿದ ಮೇಲೆ ಮಾರುವವರು ಸುಮ್ಮನಿರುತ್ತಾರೆಯೇ? ಇವತ್ತು ಹೊಸ ಸ್ಟಾರ್ಟಪ್ ಫೌಂಡರ್‌ಗಳಿಗೆ ಸಾಫ್ಟ್‌ವೇರ್ ಮಾರುವವರ ಕೈಯಲ್ಲಿ ಥ್ರೆಡ್ ಪಳಗಿದ ಆಯುಧ. ಕೆಲಸ ಹಂಚಿ, ಯಾವುದು ಎಲ್ಲಿಗೆ ಬಂತು ಎಂದು ತೋರಿಸುವ ಟ್ರೆಲೊ, ಆಸನ, ಜಿರಾ ಥರದ ಟೂಲುಗಳು ಮೊದಲೇ ಸಾಕಷ್ಟಿವೆ. ಅವುಗಳ ನಡುವೆ ಹೊಸದೊಂದನ್ನು ನಿಲ್ಲಿಸುವ ಥ್ರೆಡ್ ಹೇಗಿರುತ್ತದೆ? ಒಂದನ್ನು ಕಲ್ಪಿಸಿ ನೋಡೋಣ.

ಮೊದಲ ಪೋಸ್ಟಿನಲ್ಲಿ ಟೂಲಿನ ಹೆಸರಿರುವುದಿಲ್ಲ. "ನಮ್ಮ ಹೊಸ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಟೂಲ್ ಬಂದಿದೆ, ಪ್ರಯತ್ನಿಸಿ" ಎಂದರೆ ಬೆರಳು ನಿಲ್ಲದೆ ಮುಂದೆ ಜಾರುತ್ತದೆ. ಹೀಗಿದ್ದರೆ?

"ನಾವು ನಾಲ್ಕು ಜನ. ಕೆಲಸ ಹಂಚೋದು ವಾಟ್ಸ್‌ಆ್ಯಪ್ ಗ್ರೂಪಲ್ಲಿ. ಪೇಮೆಂಟ್ ಪೇಜ್ ಯಾರು ನೋಡ್ತಿದ್ದೀರಿ ಅಂತ ಸೋಮವಾರ ಕೇಳಿದೆ. ಗುರುವಾರ ಗೊತ್ತಾಯ್ತು, ಯಾರೂ ನೋಡ್ತಿಲ್ಲ."

ಎಚ್‌ಎಸ್‌ಆರ್ ಲೇಔಟಿನಲ್ಲಿ ಎರಡು ಕೋಣೆಯ ಆಫೀಸು ನಡೆಸುವ ಫೌಂಡರ್ ಇಲ್ಲಿ ನಿಲ್ಲುತ್ತಾನೆ. ಆ ಗುರುವಾರ ಅವನಿಗೂ ಬಂದು ಹೋಗಿದೆ.

ಎರಡರಿಂದ ನಾಲ್ಕನೆಯ ಪೋಸ್ಟಿನವರೆಗೆ ಪರಿಹಾರ ಬರುತ್ತದೆ, ಟೂಲ್ ಇನ್ನೂ ಬರುವುದಿಲ್ಲ. ಗೋಡೆಯ ಮೇಲೆ ಮೂರು ಕಾಲಂ ಮಾಡಿ: ಮಾಡಬೇಕು, ಮಾಡ್ತಿದ್ದೀವಿ, ಮುಗೀತು. ಒಂದು ಚೀಟಿಗೆ ಒಂದೇ ಹೆಸರು. ಇಬ್ಬರ ಹೆಸರಿದ್ದರೆ ಅದು ಯಾರ ಕೆಲಸವೂ ಅಲ್ಲ. ನಡುವಿನ ಕಾಲಂನಲ್ಲಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಚೀಟಿ ಇರಕೂಡದು. ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ಹುಟ್ಟಿದ ಕಾನ್‌ಬಾನ್ ಪದ್ಧತಿಯ ಸರಳ ರೂಪವಿದು. ಓದುಗ ಇಲ್ಲಿಗೇ ಎದ್ದು ಹೋದರೂ ಅವನ ಕೈಗೆ ಏನೋ ಸಿಕ್ಕಿರುತ್ತದೆ. ಒಳ್ಳೆಯ ಥ್ರೆಡ್ಡಿಗೂ ಬರೀ ಜಾಹೀರಾತಿಗೂ ಇರುವ ವ್ಯತ್ಯಾಸ ಇದೇ ಎಂದು ನನ್ನ ಎಣಿಕೆ.

ಐದನೆಯದರಲ್ಲಿ ಗೋಡೆ ಸೋಲಬೇಕು. ಟೀಮಿನ ಒಬ್ಬಳು ಮೈಸೂರಿನ ಮನೆಯಿಂದ ಕೆಲಸ ಮಾಡುತ್ತಾಳೆ, ಅವಳಿಗೆ ಚೀಟಿ ಕಾಣುವುದಿಲ್ಲ. ಹೋದ ತಿಂಗಳು ಯಾವ ಕೆಲಸ ಯಾಕೆ ನಿಂತಿತ್ತು ಎಂದು ಹುಡುಕಿದರೆ ಚೀಟಿ ಕಸದ ಬುಟ್ಟಿ ಸೇರಿ ಆಗಿದೆ. ಆಗ ಟೂಲ್ ಬರುತ್ತದೆ, ಒಂದೇ ಸ್ಕ್ರೀನ್‌ಶಾಟ್ ಜೊತೆ. ಅನೇಕರು ಇಲ್ಲಿ ಇಪ್ಪತ್ತು ಬಟನ್, ನಾಲ್ಕು ಗ್ರಾಫ್ ಇರುವ ಪೂರ್ತಿ ಪರದೆಯನ್ನು ಹಾಕಿ ಕೆಡಿಸುತ್ತಾರೆ. ಮೊಬೈಲಿನಲ್ಲಿ ಅದು ಇರುವೆ ಸಾಲಿನಂತೆ ಕಾಣುತ್ತದೆ. ಬೇಕಾದದ್ದು ಆ ಪೇಮೆಂಟ್ ಪೇಜಿನ ಕಾರ್ಡ್ ಒಂದೇ: ಯಾರ ಹೆಸರಲ್ಲಿದೆ, ಎಷ್ಟು ದಿನದಿಂದ ಅಲ್ಲಾಡಿಲ್ಲ. ಆರನೆಯ ಪೋಸ್ಟ್ ಬೆಲೆಗೆ. ತಲೆಗಿಷ್ಟು ಎಂಬ ಲೆಕ್ಕವಾದರೆ, ನಾಲ್ಕು ಜನರಿರುವಾಗ ಹಗುರಾದ ಬಿಲ್ಲು ಹದಿನೈದು ಜನರಾದಾಗ ಎಷ್ಟಾಗುತ್ತದೆ ಎಂಬುದನ್ನೂ ಅಲ್ಲೇ ಹೇಳಬೇಕು. ಇಬ್ಬರೇ ಇದ್ದು ಒಂದೇ ಮೇಜಿನಲ್ಲಿ ಕೂರುವವರಿಗೆ ಇದು ಬೇಡ ಎಂದೂ ಬರೆದರೆ ಉಳಿದದ್ದನ್ನು ಜನ ನಂಬುತ್ತಾರೆ.

ಲಿಂಕ್ ಬರುವುದು ಏಳನೆಯದರಲ್ಲಿ. ಅದಕ್ಕೆ ಕಾರಣವಿದೆ. ಓದುಗರು ಹೊರಗೆ ಹೋಗುವುದು ಎಕ್ಸ್‌ಗೆ ಇಷ್ಟವಿಲ್ಲ. ಮುಖ್ಯ ಪೋಸ್ಟಿನಲ್ಲಿ ವಿವರ ಬರೆದು ಲಿಂಕನ್ನು ಕೆಳಗಿನ ಉತ್ತರದಲ್ಲಿ ಹಾಕಿ ಎಂದು 2024ರ ನವೆಂಬರಿನಲ್ಲಿ ಇಲಾನ್ ಮಸ್ಕ್ ಅವರೇ ಹೇಳಿದರು. ಆದರೆ ಕೆಳಗಿಳಿದಷ್ಟೂ ಓದುವವರು ಕರಗುತ್ತಾರೆ. ಹಾಗಾಗಿ ಏಳು ಪೋಸ್ಟ್ ಸಾಕು, ಇಪ್ಪತ್ತೈದು ಬರೆದವನ ಲಿಂಕ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಥ್ರೆಡ್ ಫಲಿಸಿತೇ ಎಂದು ತಿಳಿಯುವುದರಲ್ಲೇ ಹೆಚ್ಚಿನವರು ಎಡವುವುದು. ಲೈಕ್ ಒತ್ತುವವರಲ್ಲಿ ಅನೇಕರು ಇಂಥದ್ದೇ ಥ್ರೆಡ್ ಬರೆದು ಮಾರುವ ಇನ್ನಿತರರು. ಲಿಂಕಿನ ಕೊನೆಗೆ `?utm_source=x` ಎಂದು ಅಂಟಿಸಿದರೆ ಇಲ್ಲಿಂದ ಬಂದವರು ಎಷ್ಟು ಎಂದು ಬೇರೆಯಾಗಿ ಎಣಿಸಬಹುದು. ಆದರೆ ಸೈನ್‌ಅಪ್ ಆದವರ ಸಂಖ್ಯೆಯೂ ಪೂರ್ತಿ ನಿಜ ಹೇಳುವುದಿಲ್ಲ. ನಲವತ್ತು ಜನ ಸೇರಿದರು ಎಂದುಕೊಳ್ಳಿ. ಅವರಲ್ಲಿ ಜೊತೆಗಾರನನ್ನೂ ಕರೆತಂದವರು ಆರೇ ಜನ ಇರಬಹುದು, ಎರಡನೇ ವಾರವೂ ಕಾರ್ಡ್ ಸರಿಸುತ್ತಿರುವ ಟೀಮು ಮೂರೇ ಇರಬಹುದು. ಪ್ರಾಜೆಕ್ಟ್ ಟೂಲನ್ನು ಒಬ್ಬನೇ ಬಳಸಿದರೆ ಅದು ಬರೀ ಪಟ್ಟಿ, ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ಮೂರನ್ನೇ. ಮೂರೂ ಬಂದದ್ದು ಐದನೆಯ ಪೋಸ್ಟನ್ನು ಹಂಚಿಕೊಂಡವರ ಕಡೆಯಿಂದ ಎಂದು ಕಂಡರೆ, ಮುಂದಿನ ಥ್ರೆಡ್ಡನ್ನು ಆ ಮೈಸೂರಿನವಳ ಕಷ್ಟದಿಂದಲೇ ಶುರು ಮಾಡಬೇಕು.

ಇನ್ನೊಂದು ಮಾತು ಓದುವವರಿಗೆ. ಹಣ ಪಡೆದೋ ಪುಕ್ಕಟೆ ಖಾತೆ ಪಡೆದೋ ಹೊಗಳುವವರು ಅದು ಜಾಹೀರಾತು ಎಂದು ತಿಳಿಸಲೇಬೇಕೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿದೆ. ಫೌಂಡರ್ ತನ್ನದೇ ಟೂಲಿನ ಬಗ್ಗೆ ಬರೆದರೂ "ಇದನ್ನು ಕಟ್ಟಿದ್ದು ನಾವೇ" ಎಂಬ ಸಾಲು ಟೂಲಿನ ಹೆಸರು ಬರುವ ಪೋಸ್ಟಿನಲ್ಲೇ ಇರುವುದು ಚೆಂದ. "ಹತ್ತು ಟೂಲ್ ಬಳಸಿ ನೋಡಿದೆ, ಇದೊಂದೇ ಉಳಿಯಿತು" ಎಂಬ ಥ್ರೆಡ್ ಕಂಡರೆ ಮೊದಲು ಬರೆದವರ ಪ್ರೊಫೈಲ್ ತೆರೆದು, ಹೋದ ತಿಂಗಳು ಅವರಿಗೆ ಯಾವ ಟೂಲ್ ಉಳಿದಿತ್ತು ಎಂದು ನೋಡಿ.