ಸಮಾನ ಅಂಕದ ಸ್ವವಿವರಗಳು: ಆಯ್ಕೆಗೆ ಎರಡನೇ ಅಳತೆಗೋಲು ಯಾವುದು?

ಸಣ್ಣ ಕೈಗಾರಿಕೆಗಳ ಮಾಲೀಕರಲ್ಲಿ ಅನೇಕರು ಈಗ ನೇಮಕಾತಿಗೆ ಅಂಕಪಟ್ಟಿಯ ಕ್ರಮವನ್ನು ಅನುಸರಿಸುತ್ತಿದ್ದಾರೆ. ಇದು ಸ್ವಾಗತಾರ್ಹ. ಆದರೆ ಇಬ್ಬರು ಅಥವಾ ಮೂವರು ಅಭ್ಯರ್ಥಿಗಳಿಗೆ ಒಂದೇ ಅಂಕ ಬಂದ ಕೂಡಲೇ ಪಟ್ಟಿಯನ್ನು ಬದಿಗಿರಿಸಿ, ‘ಇವರೇ ಇರಲಿ ಎಂದು ಮನಸ್ಸು ಹೇಳುತ್ತಿದೆ’ ಎಂದು ತೀರ್ಮಾನಿಸುವುದುಂಟು. ಅಲ್ಲಿಯವರೆಗೆ ಪಟ್ಟ ಶ್ರಮವೆಲ್ಲ ಆ ಒಂದು ಕ್ಷಣದಲ್ಲಿ ವ್ಯರ್ಥವಾಗುತ್ತದೆ. ನನ್ನ ಕಕ್ಷಿದಾರರೊಬ್ಬರ ಯಂತ್ರಭಾಗಗಳ ಘಟಕದಲ್ಲಿ ನಡೆದ ಪ್ರಸಂಗವನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರಸಂಗ

ಲೆಕ್ಕ ಸಹಾಯಕರ ಒಂದು ಹುದ್ದೆಗೆ 23 ಅರ್ಜಿಗಳು ಬಂದಿದ್ದವು. ಮಾಲೀಕರು ಒಟ್ಟು 50 ಅಂಕಗಳನ್ನು ನಿಗದಿಪಡಿಸಿದ್ದರು: ಜಿಎಸ್‌ಟಿ ಕೆಲಸದ ಅನುಭವಕ್ಕೆ 15, ಟ್ಯಾಲಿ ಅನುಭವಕ್ಕೆ 15, ವಿದ್ಯಾರ್ಹತೆಗೆ 10, ಬ್ಯಾಂಕ್ ತಾಳೆ ಪಟ್ಟಿಯ ಅನುಭವಕ್ಕೆ 10. ಒಂದು ಭಾನುವಾರ ಐವರನ್ನು ಮಾತ್ರ ಸಂದರ್ಶಿಸಲು ಅವರಿಗೆ ಬಿಡುವಿತ್ತು. ಮೂವರು 41 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದಿದ್ದರು. ಉಳಿದ ಎರಡು ಸ್ಥಾನಗಳ ಎದುರು 4, 9 ಮತ್ತು 15ನೇ ಅರ್ಜಿಗಳು ತಲಾ 38 ಅಂಕಗಳೊಡನೆ ನಿಂತಿದ್ದವು. 21ನೇ ಅರ್ಜಿಗೆ 37 ಅಂಕ ಬಂದಿತ್ತು. ಆನಂತರದ ಅರ್ಜಿ 34ಕ್ಕೆ ಇಳಿದಿತ್ತು.

ಮಾಲೀಕರ ಒಲವು 4ನೇ ಅರ್ಜಿಯ ಕಡೆಗಿತ್ತು. ಕಾರಣ ಕೇಳಿದಾಗ, ‘ನಮ್ಮೂರಿನ ಹುಡುಗ, ಇವನ ಚಿಕ್ಕಪ್ಪ ನಮ್ಮ ಪಕ್ಕದ ಅಂಗಡಿಯವರು, ಬಿಟ್ಟು ಹೋಗಲಾರ’ ಎಂದರು. 15ನೇ ಅರ್ಜಿದಾರರು ಮೂರು ವರ್ಷ ಕೆಲಸದಿಂದ ದೂರವಿದ್ದ ಮಹಿಳೆ. ‘ಮೂರು ವರ್ಷದ ಅಂತರ ಏಕೋ ಸರಿಕಾಣದು’ ಎಂಬುದು ಅವರ ಎರಡನೆಯ ಮಾತು. ಈ ಎರಡು ಸಂಗತಿಗಳೂ ಅಂಕಪಟ್ಟಿಯಲ್ಲಿ ಇರಲಿಲ್ಲ; ಸಮಾನಾಂಕದ ನೆಪದಲ್ಲಿ ಹಿಂಬಾಗಿಲಿನಿಂದ ಒಳಬಂದಿದ್ದವು.

ಸಮಾನ ಎಂದರೆ ಎಷ್ಟು?

ಮೊದಲು ಬಗೆಹರಿಸಬೇಕಾದದ್ದು 37 ಮತ್ತು 38ರ ನಡುವಿನ ಅಂತರ ನಿಜವೇ ಎಂಬ ಪ್ರಶ್ನೆ. ನಾನು ನನ್ನ ಕಚೇರಿಯ ಸಹಾಯಕರಿಗೆ ಐದು ಸ್ವವಿವರಗಳನ್ನು ಕೊಟ್ಟು, ಮಾಲೀಕರು ನೀಡಿದ ಅಂಕಗಳನ್ನು ತೋರಿಸದೆ ಮತ್ತೊಮ್ಮೆ ಅಂಕ ಹಾಕಿಸಿದೆ. ಒಟ್ಟು ಅಂಕದಲ್ಲಿ ಇಬ್ಬರ ನಡುವೆ ಗರಿಷ್ಠ 2 ಅಂಕಗಳ ವ್ಯತ್ಯಾಸ ಕಂಡುಬಂದಿತು. ಜಿಎಸ್‌ಟಿ ಶೀರ್ಷಿಕೆಯೊಂದರಲ್ಲಿ ಅದು 1 ಅಂಕವನ್ನು ಮೀರಲಿಲ್ಲ. ಅಂಕ ಹಾಕುವ ಕೈ ಬದಲಾದರೆ 2 ಅಂಕ ಬದಲಾಗುವುದಾದರೆ, 2 ಅಂಕಗಳೊಳಗಿನ ಅಂತರವನ್ನು ಸಮಾನವೆಂದೇ ಪರಿಗಣಿಸಬೇಕು. ಆದುದರಿಂದ 21ನೇ ಅರ್ಜಿಯೂ ಸಮಾನರ ಗುಂಪಿಗೆ ಸೇರಿತು. 34 ಅಂಕದ ಅರ್ಜಿ ಹೊರಗುಳಿಯಿತು.

ಎರಡನೇ ಹಂತದ ಮಾನದಂಡ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು ಅಂಕ ಸಮವಾದರೆ, ಕಡ್ಡಾಯ ಪತ್ರಿಕೆಗಳು ಮತ್ತು ವ್ಯಕ್ತಿತ್ವ ಪರೀಕ್ಷೆಯಲ್ಲಿ ಒಟ್ಟಾಗಿ ಹೆಚ್ಚು ಅಂಕ ಪಡೆದವರಿಗೆ ಮೇಲಿನ ಸ್ಥಾನ ದೊರೆಯುತ್ತದೆ. ಅದೂ ಸಮವಾದರೆ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ. ಇದರ ಮೊದಲ ಭಾಗ ನಮಗೆ ಅನುಕರಣೀಯ: ಹುದ್ದೆಗೆ ಅತ್ಯಂತ ಅಗತ್ಯವಾದ ಶೀರ್ಷಿಕೆಯ ಅಂಕವನ್ನು ಮೊದಲು ನೋಡುವುದು. ವಯಸ್ಸನ್ನು ಮಾತ್ರ ನಾವು ಅನುಸರಿಸಬೇಕಾಗಿಲ್ಲ. ಆಯೋಗವು ಅಷ್ಟು ದೊಡ್ಡ ಪಟ್ಟಿಯಲ್ಲಿ ಸಮಾನರಿಗೆಲ್ಲ ಮತ್ತೊಂದು ಪರೀಕ್ಷೆ ನಡೆಸಲಾರದು. ನಾಲ್ವರಿಗೆ ನಡೆಸುವುದು ನಮಗೆ ಕಷ್ಟವಲ್ಲ.

ನಾವು ಮೂರು ಮೆಟ್ಟಿಲುಗಳನ್ನು ಕಾಗದದ ಮೇಲೆ ಬರೆದೆವು. ಒಂದು, ಜಿಎಸ್‌ಟಿ ಶೀರ್ಷಿಕೆಯ ಅಂಕ. ಅಲ್ಲಿ 1 ಅಂಕದ ಅಂತರವನ್ನು ಲೆಕ್ಕಿಸಬಾರದು. ಎರಡು, ಎಲ್ಲರಿಗೂ ಒಂದೇ ರೀತಿಯ ಕಿರು ಕೆಲಸದ ಪರೀಕ್ಷೆ. ಮೂರು, ಆಗಲೂ ಸಮವಾದರೆ ಚೀಟಿ ಎತ್ತುವುದು. ಶೀರ್ಷಿಕೆವಾರು ಅಂಕಗಳನ್ನು ಇದಾದ ಮೇಲೆಯೇ ತೆರೆದು ನೋಡಿದೆವು. ವಾಸ್ತವವಾಗಿ ಈ ಕಾಗದ ಸಿದ್ಧವಾಗಬೇಕಾದದ್ದು ಅರ್ಜಿ ಕರೆಯುವ ಮೊದಲೇ. ನಮ್ಮದು ತಡವಾಯಿತೆಂದು ಒಪ್ಪಿಕೊಳ್ಳಬೇಕು.

ಜಿಎಸ್‌ಟಿ ಶೀರ್ಷಿಕೆಯಲ್ಲಿ 9 ಮತ್ತು 15ನೇ ಅರ್ಜಿಗಳಿಗೆ 13, 21ಕ್ಕೆ 12, 4ಕ್ಕೆ 9 ಅಂಕಗಳಿದ್ದವು. 4ನೇ ಅರ್ಜಿ ಟ್ಯಾಲಿಯಲ್ಲಿ 14 ಅಂಕ ಪಡೆದು ಒಟ್ಟನ್ನು ಸರಿದೂಗಿಸಿಕೊಂಡಿತ್ತು. ಆದರೆ ಆ ಹುದ್ದೆಯ ಮುಖ್ಯ ಕೆಲಸ, ತಿಂಗಳ 14ರಂದು ದೊರೆಯುವ ಜಿಎಸ್‌ಟಿಆರ್-2ಬಿ ಪಟ್ಟಿಯನ್ನು ಖರೀದಿ ಪುಸ್ತಕದೊಡನೆ ತಾಳೆ ನೋಡಿ, 20ರೊಳಗೆ 3ಬಿ ಸಲ್ಲಿಕೆಗೆ ಲೆಕ್ಕ ಸಿದ್ಧಪಡಿಸುವುದು. ಆದ್ದರಿಂದ 4ನೇ ಅರ್ಜಿ ಹಿಂದೆ ಸರಿಯಿತು.

ಉಳಿದ ಮೂವರಿಗೆ ಅರ್ಧ ಗಂಟೆಯ ಪರೀಕ್ಷೆ. 20 ಖರೀದಿ ಬಿಲ್ಲುಗಳ ಪಟ್ಟಿ ಮತ್ತು 2ಬಿ ಮಾದರಿಯ ಒಂದು ಹಾಳೆ. ಅದರಲ್ಲಿ ಐದು ತಪ್ಪುಗಳನ್ನು ನಾವೇ ಇಟ್ಟಿದ್ದೆವು: ಎರಡು ಬಾರಿ ದಾಖಲಾದ ಬಿಲ್ಲು, ನೋಂದಣಿ ಸಂಖ್ಯೆಯಲ್ಲಿ ಒಂದು ಅಂಕಿಯ ದೋಷ, ಹೊರರಾಜ್ಯದ ಖರೀದಿಗೆ ಐಜಿಎಸ್‌ಟಿ ಬದಲು ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ, ತೆರಿಗೆ ಮೊತ್ತದ ವ್ಯತ್ಯಾಸ, ಮತ್ತು ಮಾರಾಟಗಾರರು ವಿವರ ಸಲ್ಲಿಸದ ಕಾರಣ 2ಬಿಯಲ್ಲಿ ಕಾಣದ ಬಿಲ್ಲು. ತಪ್ಪನ್ನು ಹಿಡಿದರೆ 2 ಅಂಕ, ಮಾಡಬೇಕಾದದ್ದನ್ನು ಬರೆದರೆ 1 ಅಂಕ, ಒಟ್ಟು 15. ಸರಿಯುತ್ತರಗಳನ್ನು ಮೊದಲೇ ಬರೆದಿಟ್ಟು, ಉತ್ತರಪತ್ರಿಕೆಗಳ ಮೇಲೆ ಹೆಸರಿನ ಬದಲು ಸಂಕೇತ ಹಾಕಿ, ಅಭ್ಯರ್ಥಿಗಳನ್ನು ಕಾಣದ ವ್ಯಕ್ತಿಯಿಂದ ಮೌಲ್ಯಮಾಪನ ಮಾಡಿಸಿದೆವು.

15ನೇ ಅರ್ಜಿದಾರರಿಗೆ 14 ಅಂಕ ಬಂದಿತು. 9 ಮತ್ತು 21ಕ್ಕೆ ತಲಾ 11. ಮೂರು ವರ್ಷದ ಅಂತರದಿಂದ ಕೆಲಸದ ಹಿಡಿತ ತಪ್ಪಿರಬಹುದೆಂಬ ಸಂದೇಹಕ್ಕೆ ಉತ್ತರ ಹೀಗೆ ದೊರೆಯಿತು. ಐದನೇ ಸ್ಥಾನಕ್ಕೆ ಇಬ್ಬರು ಸಾಕ್ಷಿಗಳ ಎದುರು ಚೀಟಿ ಎತ್ತಿದೆವು, 9 ಬಂದಿತು. ‘ಇದು ಜೂಜಲ್ಲವೇ?’ ಎಂದು ಮಾಲೀಕರು ಅಸಮಾಧಾನಪಟ್ಟರು. ಕೆಲಸಕ್ಕೆ ಸಂಬಂಧಿಸಿದ ಯಾವ ವ್ಯತ್ಯಾಸವೂ ಕಾಣದಿದ್ದಾಗ ಚೀಟಿ ಇಬ್ಬರಿಗೂ ಸಮಾನ ಅವಕಾಶ ಕೊಡುತ್ತದೆ. ಒಲವು ಹಾಗೆ ಕೊಡುವುದಿಲ್ಲ.

ಎಚ್ಚರ ವಹಿಸಬೇಕಾದ ಅಂಶಗಳು

ಅರ್ಜಿ ಮೊದಲು ತಲುಪಿತು ಎಂಬುದು ಪ್ರಕಟಣೆಯನ್ನು ಯಾರು ಮೊದಲು ಕಂಡರೆಂಬುದನ್ನಷ್ಟೇ ಹೇಳುತ್ತದೆ. ಮನೆಯ ದೂರವೂ ಹಾಗೆಯೇ. ಬೆಳಿಗ್ಗೆ 8ಕ್ಕೆ ಹಾಜರಿರುವುದು ಅಗತ್ಯವಾದರೆ ಎಲ್ಲರಿಗೂ ಅದೇ ಪ್ರಶ್ನೆ ಕೇಳಬೇಕು. ಬಡಾವಣೆಯ ಹೆಸರು ನೋಡಿ ಊಹಿಸಬಾರದು. ಬಡಾವಣೆಯ ಹೆಸರು ಎಷ್ಟೋ ಬಾರಿ ಜಾತಿ ಮತಗಳನ್ನೂ ಸೂಚಿಸುತ್ತದೆ. ನೇಮಕಾತಿಯಲ್ಲಿ ಲಿಂಗತಾರತಮ್ಯವನ್ನು 1976ರ ಸಮಾನ ವೇತನ ಕಾಯಿದೆ ನಿಷೇಧಿಸಿತ್ತು. ಆ ನಿಷೇಧ ಈಗ 2019ರ ವೇತನ ಸಂಹಿತೆಯಲ್ಲಿ ಮುಂದುವರಿದಿದೆ.

ಈ ಕ್ರಮಕ್ಕೆ ಮಿತಿಯೂ ಉಂಟು. ಕಿರು ಪರೀಕ್ಷೆ ಒಂದು ಕೌಶಲವನ್ನು ಮಾತ್ರ ಅಳೆಯುತ್ತದೆ. ಪ್ರಾಮಾಣಿಕತೆಯನ್ನೂ ಹೊಂದಾಣಿಕೆಯನ್ನೂ ಅಳೆಯಲಾರದು. ಅವುಗಳಿಗೆ ಸಂದರ್ಶನ ಮತ್ತು ಹಿಂದಿನ ಮಾಲೀಕರ ವಿಚಾರಣೆ ಬೇಕು. ಜೊತೆಗೆ, ಸಮಾನರೆಲ್ಲರನ್ನೂ ಸಂದರ್ಶಿಸಲು ಸಮಯವಿದ್ದರೆ ಗಂಟು ಬಿಡಿಸುವ ಅಗತ್ಯವೇ ಇಲ್ಲ, ಕರೆಯುವುದೇ ಮೇಲು.

ಸಂದರ್ಶನದ ನಂತರ ಕೆಲಸ ದೊರೆತದ್ದು ಮೊದಲ ಮೂವರಲ್ಲಿ ಒಬ್ಬರಿಗೆ. ಕೆಲವು ದಿನಗಳಲ್ಲಿ ಪಕ್ಕದ ಅಂಗಡಿಯವರು ಬಂದು, ‘ನಮ್ಮ ಹುಡುಗನನ್ನು ಏಕೆ ಕರೆಯಲಿಲ್ಲ, ಸಾಹುಕಾರ್ರೇ?’ ಎಂದು ಕೇಳಿದರು. ಮಾಲೀಕರು ಇತರರ ವಿವರಗಳನ್ನು ಮರೆಮಾಡಿ, ಮೂರು ಮೆಟ್ಟಿಲುಗಳ ಕಾಗದವನ್ನೂ ಹುಡುಗನ ಅಂಕಗಳನ್ನೂ ತೋರಿಸಿದರು. ಅವರು ಎರಡು ಬಾರಿ ಓದಿ, ‘ಜಿಎಸ್‌ಟಿ ಕೆಲಸ ಕಲಿಯಲು ಹೇಳುತ್ತೇನೆ’ ಎಂದು ಎದ್ದರು. ಆ ಕಾಗದ ಈಗ ಘಟಕದ ನೇಮಕಾತಿ ಕಡತದ ಮೊದಲ ಪುಟದಲ್ಲಿದೆ.